ಕಬ್ಬಿನ ಟ್ರೇಲರಿಗೆ ಬಡಿದ ಕಾರು ಮತ್ತು ಎರಡು ಪತ್ರಗಳು

ಅಪಘಾತವಾದ ಗಾಡಿಗೆ ವಿಮೆಯ ಹಣ ಕೇಳುವ ಪತ್ರವನ್ನು ನಮ್ಮ ಭಾಗದ ಜನ ಸಾಮಾನ್ಯವಾಗಿ ದೂರಿನ ಧಾಟಿಯಲ್ಲಿ ಬರೆಯುತ್ತಾರೆ. ಎದುರಿನವನ ತಪ್ಪು ಮೊದಲು, ಆಮೇಲೆ ತಮ್ಮ ಸಂಕಟ, ಕೊನೆಗೆ ಒಂದು ದುಂಡು ಮೊತ್ತ. ಬಾಗಲಕೋಟೆಯ ಒಂದು ವಿಮಾ ಶಾಖೆಯಲ್ಲಿ ಕ್ಲೇಮ್ ಕಡತಗಳನ್ನು ನೋಡುತ್ತಲೇ ನನ್ನ ನೌಕರಿಯ ಬಹುಭಾಗ ಕಳೆಯಿತು. ಅಂಥ ಪತ್ರಗಳಲ್ಲಿ ಬೇಕೆಂದೇ ಹೇಳಿದ ಸುಳ್ಳು ಬಹಳ ಕಡಿಮೆ. ಆದರೂ ಹಣ ತಡವಾಗುತ್ತಿತ್ತು, ಕಡಿತವಾಗುತ್ತಿತ್ತು, ಒಮ್ಮೊಮ್ಮೆ ಬರುತ್ತಲೇ ಇರಲಿಲ್ಲ. ಪತ್ರ ಒಂದು ಹೇಳುತ್ತಿತ್ತು, ಅದರ ಹಿಂದೆ ಪಿನ್ ಹಾಕಿದ ರಸೀದಿ ಮತ್ತೊಂದು ಹೇಳುತ್ತಿತ್ತು. ಮೇಜಿನ ಈಚೆ ಕುಳಿತವನಿಗೆ ಬರೆದವರ ಮುಖ ಕಾಣುವುದಿಲ್ಲ, ಕಾಗದ ಮಾತ್ರ ಕಾಣುತ್ತದೆ. ಅವನು ಅವುಗಳನ್ನು ಅಕ್ಕಪಕ್ಕ ಇಟ್ಟು ಸಮಯಕ್ಕೆ ಸಮಯ, ಏಟಿಗೆ ಏಟು ತಾಳೆ ನೋಡುತ್ತಾನೆ.

ನಿವೃತ್ತನಾದ ಮೇಲೆ ಬರೆಸಿದ ಒಂದು ಪತ್ರದ ಕಥೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಗುಳೇದಗುಡ್ಡದಲ್ಲಿರುವ ನನ್ನ ಅಣ್ಣನ ಮಗ ಖಣದ ವ್ಯಾಪಾರಿ. 2025ರ ಜನವರಿಯಲ್ಲಿ, ಕಬ್ಬಿನ ಹಂಗಾಮು ಜೋರಾಗಿದ್ದಾಗ, ಮುಧೋಳದಿಂದ ರಾತ್ರಿ ಮರಳುತ್ತಿದ್ದ ಅವನ ಕಾರು ಲೋಕಾಪುರ ತಲುಪುವ ಮೊದಲೇ ಕಬ್ಬು ತುಂಬಿದ ಟ್ರೇಲರಿನ ಹಿಂಬದಿಗೆ ಬಡಿಯಿತು. ಈ ರಸ್ತೆಗಳಲ್ಲಿ ಚಳಿಗಾಲದ ರಾತ್ರಿ ಓಡಾಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇದ್ದರೂ ಅದರ ಮೇಲೆ ಜೋತುಬಿದ್ದ ಕಬ್ಬಿನ ಸೋಗೆ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಅವನು ಮರುದಿನ ಬೆಳಿಗ್ಗೆ ಒಂದು ಪತ್ರ ಬರೆದುಕೊಂಡು ಬಂದ. ಟ್ರ್ಯಾಕ್ಟರ್ ಚಾಲಕ ಕುಡಿದಿದ್ದ, ರಸ್ತೆಯ ನಡುವೆಯೇ ಹೋಗುತ್ತಿದ್ದ, ತನ್ನ ಗಾಡಿ ಪೂರ್ತಿ ಹಾಳಾಗಿದೆ, ಖಣದ ಮಾಲು ತರುತ್ತಿದ್ದ ತನಗೆ ವ್ಯಾಪಾರದ ನಷ್ಟವೂ ಆಗಿದೆ, ಆದ್ದರಿಂದ ಒಂದೂವರೆ ಲಕ್ಷ ರೂಪಾಯಿ ಕೊಡಬೇಕು ಎಂದು ಅದರಲ್ಲಿತ್ತು. ಚಾಲಕ ಕುಡಿದಿದ್ದು ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. “ಇಲ್ಲ ಕಾಕಾ, ಮಾತನಾಡುವ ರೀತಿ ನೋಡಿದರೆ ಹಾಗೆ ಅನ್ನಿಸಿತು” ಎಂದ.

ಆ ಮಾತನ್ನು ಮೊದಲು ತೆಗೆಸಿದೆ. ಆಧಾರವಿಲ್ಲದ ಆರೋಪ ಎಂಬುದು ಒಂದು ಕಾರಣ. ಅದರಿಂದ ಅವನಿಗೆ ಏನೂ ಸಿಗುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಸಮಗ್ರ ಪಾಲಿಸಿಯಲ್ಲಿ ಎರಡು ಭಾಗಗಳಿರುತ್ತವೆ: ನಮ್ಮ ಗಾಡಿಯ ಸ್ವಂತ ಹಾನಿಯದು ಒಂದು, ನಮ್ಮಿಂದ ಬೇರೆಯವರಿಗಾಗುವ ಹಾನಿಯದು, ಅಂದರೆ ಥರ್ಡ್ ಪಾರ್ಟಿಯದು, ಇನ್ನೊಂದು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದವರಿಗೆ ಸ್ವಂತ ಗಾಡಿಯ ರಿಪೇರಿಗೆ ಬಿಡಿಗಾಸೂ ಬರುವುದಿಲ್ಲ. ಆದರೆ ಸ್ವಂತ ಹಾನಿಯ ಭಾಗ ಇದ್ದರೆ, ಅಪಘಾತ ಯಾರ ತಪ್ಪಿನಿಂದ ಆಯಿತು ಎಂಬುದರ ಮೇಲೆ ಆ ಹಣ ನಿಂತಿಲ್ಲ. ತನ್ನದೇ ಅಜಾಗರೂಕತೆಯಿಂದ ಗೋಡೆಗೆ ಗುದ್ದಿದವನಿಗೂ ಅದು ಸಲ್ಲುತ್ತದೆ. ಓಡಿಸಿದವನಿಗೆ ಲೈಸೆನ್ಸ್ ಇತ್ತೇ, ಅವನು ಕುಡಿದಿದ್ದನೇ, ಗಾಡಿಯನ್ನು ಪಾಲಿಸಿ ಒಪ್ಪಿದ ಉಪಯೋಗಕ್ಕೇ ಬಳಸಿದ್ದನೇ ಎಂಬುದನ್ನು ಕಂಪನಿ ನೋಡುತ್ತದೆ. ಹೀಗಿರುವಾಗ ಎದುರಿನವನನ್ನು ದೂಷಿಸಲು ಪತ್ರದ ಅರ್ಧ ಭಾಗ ವ್ಯಯಿಸುವುದರಲ್ಲಿ ಅರ್ಥವಿಲ್ಲ. ಟ್ರ್ಯಾಕ್ಟರಿನ ನೋಂದಣಿ ಸಂಖ್ಯೆ ಮಾತ್ರ ಖಂಡಿತ ಬೇಕು. ನಮಗೆ ಹಣ ಕೊಟ್ಟ ಮೇಲೆ ಕಂಪನಿ ಬೇಕಿದ್ದರೆ ಆ ಕಡೆಯವರಿಂದ ವಸೂಲಿಗೆ ಹೋಗಬಹುದು, ಅದು ಕಂಪನಿಯ ಹಕ್ಕು. ಟ್ರೇಲರಿನ ಹಿಂಬದಿಯಲ್ಲಿ ನಂಬರ್ ಇರಲಿಲ್ಲ. ನನ್ನ ಅಣ್ಣನ ಮಗ ಮುಂದೆ ಹೋಗಿ ಟ್ರ್ಯಾಕ್ಟರಿನ ನಂಬರ್ ಪ್ಲೇಟಿನ ಫೋಟೋ ತೆಗೆದಿದ್ದ. ಒಳ್ಳೆಯ ಕೆಲಸ ಮಾಡಿದ್ದ.

ಎರಡು ಪತ್ರ ಬೇಕು ಎಂದೆ. ಒಂದು, ಅಪಘಾತವಾಗಿದೆ ಎಂದು ತಿಳಿಸುವ ಪತ್ರ. ಪಾಲಿಸಿಯ ಮೊದಲ ಷರತ್ತೇ ಲಿಖಿತವಾಗಿ, ತಕ್ಷಣ ತಿಳಿಸಬೇಕು ಎನ್ನುತ್ತದೆ. ಫೋನಿನಲ್ಲಿ ತಿಳಿಸಿ ಕ್ಲೇಮ್ ಸಂಖ್ಯೆ ಪಡೆದ ಮೇಲೂ ನಾನು ಈ ಪತ್ರ ಬರೆಸುತ್ತೇನೆ, ಏಕೆಂದರೆ ಫೋನಿನಲ್ಲಿ ಹೇಳಿದ್ದನ್ನು ಆ ಕಡೆಯವರು ಹೇಗೆ ಬರೆದುಕೊಂಡರು ಎಂದು ನಮಗೆ ತಿಳಿಯುವುದಿಲ್ಲ. ಇದರಲ್ಲಿ ಮೊತ್ತ ಇರಬಾರದು. ಗಾಡಿಯನ್ನು ಇನ್ನೂ ಬಿಚ್ಚಿಲ್ಲದಾಗ ಮೊತ್ತ ಎಲ್ಲಿಂದ ಬರಬೇಕು? ಎರಡನೆಯದು, ರಿಪೇರಿ ಮುಗಿದು ಬಿಲ್ ಕೈಗೆ ಬಂದ ಮೇಲೆ ಹಣ ಕೇಳುವ ಪತ್ರ. ಕಂಪನಿಯೇ ನೇರವಾಗಿ ಗ್ಯಾರೇಜಿಗೆ ಹಣ ಕಟ್ಟುವ ನಗದುರಹಿತ ಸೌಲಭ್ಯವಿರುವ ಕಡೆ ಹೋದವರಿಗೆ ಈ ಎರಡನೆಯದರ ತೊಂದರೆ ಬಹಳ ಇಲ್ಲ. ಇವನು ಬಿಟ್ಟಿದ್ದು ಊರಿನ ಪರಿಚಯದ ಗ್ಯಾರೇಜಿನಲ್ಲಿ, ಅಲ್ಲಿ ಆ ಸೌಲಭ್ಯ ಇರಲಿಲ್ಲ.

ಮೊದಲ ಪತ್ರದ ಘಟನೆಯ ಭಾಗ ಕೊನೆಗೆ ಹೀಗಾಯಿತು:

“2025ರ ಜನವರಿ 18, ಶನಿವಾರ ರಾತ್ರಿ ಸುಮಾರು 8.30ಕ್ಕೆ ಮುಧೋಳದಿಂದ ಲೋಕಾಪುರ ಮಾರ್ಗವಾಗಿ ಗುಳೇದಗುಡ್ಡಕ್ಕೆ ಮರಳುತ್ತಿದ್ದೆ. ಕಾರನ್ನು ನಾನೇ ಓಡಿಸುತ್ತಿದ್ದೆ, ಜೊತೆಗೆ ಯಾರೂ ಇರಲಿಲ್ಲ. ಮುಧೋಳದ ಅಂಗಡಿಗಳಿಗೆ ತೋರಿಸಲು ಒಯ್ದಿದ್ದ ಖಣದ ಮಾದರಿ ತುಣುಕುಗಳ ಒಂದು ಚೀಲ ಹಿಂದಿನ ಸೀಟಿನಲ್ಲಿತ್ತು. ಲೋಕಾಪುರ ಇನ್ನೂ ನಾಲ್ಕೈದು ಕಿಲೋಮೀಟರ್ ಇರುವಾಗ ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣಿಗೆ ಹೊಡೆಯಿತು. ಲಾರಿ ದಾಟಿದ ಕೂಡಲೇ, ಅದೇ ದಿಕ್ಕಿನಲ್ಲಿ ನನ್ನ ಮುಂದೆ ಹೋಗುತ್ತಿದ್ದ, ಕಬ್ಬು ತುಂಬಿದ ಎರಡು ಟ್ರೇಲರುಗಳ ಟ್ರ್ಯಾಕ್ಟರ್ ಕಂಡಿತು. ಹಿಂದಿನ ಟ್ರೇಲರಿನಲ್ಲಿ ದೀಪವಾಗಲಿ ರಿಫ್ಲೆಕ್ಟರ್ ಆಗಲಿ ನನಗೆ ಕಾಣಲಿಲ್ಲ. ಬ್ರೇಕ್ ಹಾಕಿದೆ, ಆದರೂ ಕಾರಿನ ಮುಂಭಾಗ, ಹೆಚ್ಚಾಗಿ ಎಡಬದಿ, ಟ್ರೇಲರಿನ ಹಿಂಬದಿಗೆ ಬಡಿಯಿತು. ಯಾರಿಗೂ ಗಾಯವಾಗಿಲ್ಲ. ರೇಡಿಯೇಟರಿನಿಂದ ನೀರು ಸೋರುತ್ತಿದ್ದುದರಿಂದ ಎಂಜಿನ್ ಆಫ್ ಮಾಡಿ, ಮತ್ತೆ ಚಾಲೂ ಮಾಡದೆ, ಟೋಯಿಂಗ್ ಗಾಡಿಯಲ್ಲಿ ಗ್ಯಾರೇಜಿಗೆ ಸಾಗಿಸಿದ್ದೇನೆ.”

ಇಲ್ಲಿ ಒಂದೊಂದು ಸಾಲಿಗೂ ಕೆಲಸವಿದೆ. ಖಣದ ಚೀಲದ ಮಾತನ್ನೇ ತೆಗೆದುಕೊಳ್ಳಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ಗಾಡಿಯ ಉಪಯೋಗಕ್ಕೆ ಮಿತಿ ಹಾಕಿರುತ್ತಾರೆ: ಬಾಡಿಗೆಗೆ ಓಡಿಸುವಂತಿಲ್ಲ, ಸರಕು ಸಾಗಿಸುವಂತಿಲ್ಲ. ಮಾದರಿಗಳಿಗೆ ಮತ್ತು ಸ್ವಂತ ಲಗೇಜಿಗೆ ಮಾತ್ರ ವಿನಾಯಿತಿ. ಅವನು ತಾನೇ ಬರೆದುಕೊಂಡು ಬಂದಿದ್ದ ಪತ್ರ ಹಾಗೆಯೇ ಹೋಗಿದ್ದರೆ ಖಾಸಗಿ ಕಾರಿನಲ್ಲಿ ಸರಕು ಸಾಗಿಸಿದೆ ಎಂದು ಅವನೇ ಬರೆದುಕೊಟ್ಟಂತಾಗುತ್ತಿತ್ತು. ಚೀಲದಲ್ಲಿ ನಿಜಕ್ಕೂ ಏನಿತ್ತು ಎಂದು ಕೇಳಿದೆ. ಅಂಗಡಿಯವರಿಗೆ ಬಣ್ಣ, ಅಂಚು ತೋರಿಸಲು ಕತ್ತರಿಸಿಟ್ಟ ತುಣುಕುಗಳು ಎಂದ. ಸ್ಥಳದಲ್ಲಿ ತೆಗೆದ ಫೋಟೋದಲ್ಲೂ ಅದೇ ಒಂದು ಬಟ್ಟೆಚೀಲ ಕಾಣುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಸಿದೆ. ಡಿಕ್ಕಿಯ ತುಂಬ ಮಾರಾಟದ ಗಂಟುಗಳಿದ್ದಿದ್ದರೆ ನಾನು ಮಾದರಿ ಎಂದು ಬರೆಸುತ್ತಿರಲಿಲ್ಲ. ಆಗ ಅವನು ಆ ತೊಡಕನ್ನು ಎದುರಿಸಲೇಬೇಕಾಗುತ್ತಿತ್ತು. ವ್ಯಾಪಾರದ ನಷ್ಟದ ಮಾತನ್ನು ಕೂಡ ತೆಗೆಸಿದೆ, ಅಪಘಾತದ ಹಿಂದೆಯೇ ಬರುವ ಅಂಥ ನಷ್ಟಗಳನ್ನು ಈ ಪಾಲಿಸಿ ಕೊಡುವುದಿಲ್ಲ.

ಎಂಜಿನ್ ಆಫ್ ಮಾಡಿದ ಸಾಲು ಅದಕ್ಕಿಂತ ಮುಖ್ಯ. ಅಪಘಾತವಾದ ಗಾಡಿಯನ್ನು ರಿಪೇರಿ ಮಾಡಿಸದೆ ಓಡಿಸಿದರೆ, ಹಾಗೆ ಓಡಿಸಿದ್ದರಿಂದ ಹೆಚ್ಚಿದ ಹಾನಿ ಮಾಲೀಕನ ಪಾಲು ಎಂದು ಪಾಲಿಸಿಯ ಷರತ್ತಿನಲ್ಲಿದೆ. ರೇಡಿಯೇಟರ್ ತೂತಾದ ಕಾರನ್ನು “ಊರು ಹತ್ತಿರವೇ ಇದೆ” ಎಂದು ಓಡಿಸಿ ಎಂಜಿನ್ ಜಾಮ್ ಮಾಡಿಕೊಂಡವರ ಕಡತಗಳನ್ನು ನಾನು ನೋಡಿದ್ದೇನೆ. ಬಂಪರಿನ ಹಣ ಬರುತ್ತದೆ, ಅದಕ್ಕಿಂತ ಹಲವು ಪಟ್ಟು ದುಬಾರಿಯಾದ ಎಂಜಿನ್ನಿನ ಹಣ ಬರುವುದಿಲ್ಲ. ಟೋಯಿಂಗ್ ರಸೀದಿ ಇದಕ್ಕೇ ಬೇಕು. ಅದರ ಮೇಲಿನ ಸ್ಥಳ ಮತ್ತು ಸಮಯ, ಗಾಡಿ ತಾನಾಗಿ ಓಡಲಿಲ್ಲ ಎಂದು ಸಾಕ್ಷಿ ಹೇಳುತ್ತವೆ.

ಹಾನಿಯನ್ನು ಅಂದಾಜು ಮಾಡಲು ಕಂಪನಿ ನೇಮಿಸಿದ ಸರ್ವೇಯರ್ ಗ್ಯಾರೇಜಿಗೆ ಬಂದಾಗ ನಾನೂ ಹೋಗಿದ್ದೆ. ಅಂದಾಜು 50,000 ರೂಪಾಯಿ ದಾಟಿದ್ದರಿಂದ ಪರವಾನಗಿ ಹೊಂದಿದ ಸರ್ವೇಯರರೇ ಬರಬೇಕಿತ್ತು. ಅವರು ಮೊದಲು ನೋಡಿದ್ದು ಏಟಿನ ಎತ್ತರವನ್ನು. ಟ್ರೇಲರಿನ ತಳ ಕಾರಿನ ಬಂಪರಿಗಿಂತ ಮೇಲಿರುತ್ತದೆ, ಆದ್ದರಿಂದ ಬಾನೆಟ್ ತುದಿಯಲ್ಲಿ ಮಡಚಿ ಮೇಲೆದ್ದಿತ್ತು. ಬಂಪರ್ ಬಹುಪಾಲು ಆಕಾರದಲ್ಲೇ ಇದ್ದು, ನಂಬರ್ ಪ್ಲೇಟಿನ ಪಕ್ಕದಲ್ಲಿ ಒಂದೇ ಕಡೆ ಮುಷ್ಟಿಯಷ್ಟು ತೂತು. ಇನ್ನೊಂದು ಟ್ರೇಲರ್ ಸಿಕ್ಕಿಸಲು ಹಿಂದೆ ಇರುವ ಕಬ್ಬಿಣದ ಕೊಕ್ಕೆ ಅಲ್ಲಿ ನುಗ್ಗಿ, ನೇರ ಹಿಂದಿದ್ದ ರೇಡಿಯೇಟರನ್ನು ಸೀಳಿತ್ತು. ಹೊರಗೆ ಚಾಚಿದ್ದ ಕಬ್ಬಿನ ಜಲ್ಲೆಗಳು ಮುಂದಿನ ಗಾಜನ್ನು ಎಡಬದಿಯಲ್ಲಿ ಬಿರಿಸಿದ್ದವು. ಒಡೆದ ಗ್ರಿಲ್ಲಿನ ಸಂದಿಯಿಂದ ಅವರು ಒಣಗಿದ ಸೋಗೆಯ ಎಳೆಯೊಂದನ್ನು ಎಳೆದು ತೆಗೆದು, ಫೋಟೋ ತೆಗೆದುಕೊಂಡರು. ಪತ್ರದಲ್ಲಿ ಹೇಳಿದ ಘಟನೆಗೂ ಗಾಡಿಯ ಮೇಲಿನ ಗುರುತಿಗೂ ಹೊಂದಿಕೆಯಾಯಿತು.

ಹೊಂದದ ಒಂದು ಗುರುತೂ ಇತ್ತು. ಎಡಬದಿಯ ಹಿಂದಿನ ಬಾಗಿಲಿನ ತಗ್ಗು. ಅದು ಹಿಂದೆ ಎಂದೋ ಸಂತೆಯಲ್ಲಿ ಬೈಕ್ ತಾಗಿ ಆದದ್ದು, ಅಂಚಿನಲ್ಲಿ ಆಗಲೇ ತುಕ್ಕು ಹಿಡಿದಿತ್ತು. ಗ್ಯಾರೇಜಿನವರು ಒಳ್ಳೆಯ ಮನಸ್ಸಿನಿಂದಲೇ ಅದರ 3,800 ರೂಪಾಯಿಯನ್ನೂ ಎಸ್ಟಿಮೇಟಿಗೆ ಸೇರಿಸಿ 80,000 ಮಾಡಿದ್ದರು. ಸರ್ವೇಯರ್ ಬರುವ ಮೊದಲೇ ಅದನ್ನು ತೆಗೆಸಿ 76,200ಕ್ಕೆ ಇಳಿಸಿದ್ದೆವು, ಬಾಗಿಲಿನ ತಗ್ಗು ಹಳೆಯದು, ಅದಕ್ಕೆ ಹಣ ಕೇಳುತ್ತಿಲ್ಲ ಎಂದು ಪತ್ರದಲ್ಲೂ ಬರೆದಿದ್ದೆವು. ಹಳೆಯ ಹಾನಿಯನ್ನು ಹೊಸದರ ಜೊತೆ ತೂರಿಸಿದ್ದು ಕಂಡರೆ ಸರ್ವೇಯರ್ ಉಳಿದ ಪ್ರತಿಯೊಂದು ಭಾಗವನ್ನೂ ಅನುಮಾನದಿಂದ ನೋಡತೊಡಗುತ್ತಾರೆ. ಹಾಗೆ ನೋಡುವುದು ನ್ಯಾಯವೇ.

ಮೊದಲ ಪತ್ರದಲ್ಲಿ ನಾನು ಬಿಡದೆ ಬರೆಸುವ ಇನ್ನೊಂದು ಸಾಲಿದೆ: “ಗಾಡಿಯನ್ನು ಬಿಚ್ಚಿದ ಮೇಲೆ ಒಳಗಿನ ಹಾನಿ ಕಂಡುಬಂದರೆ ಪೂರಕ ಅಂದಾಜನ್ನು ಸರ್ವೇಯರರಿಗೆ ತೋರಿಸಿ ಸಲ್ಲಿಸುತ್ತೇನೆ.” ಬಿಚ್ಚಿದಾಗ ಎಸಿಯ ಕಂಡೆನ್ಸರ್ ಬಾಗಿದ್ದು ಕಂಡಿತು, 6,500 ರೂಪಾಯಿ. ಅದನ್ನು ಹಾಗೆಯೇ ಬಿಟ್ಟು ಸರ್ವೇಯರರನ್ನು ಮತ್ತೆ ಕರೆಸಿದೆವು. ಅವರು ನೋಡುವ ಮೊದಲೇ ಬದಲಿಸಿದ ಭಾಗದ ಹಣ ಗಿಟ್ಟುವುದು ಕಷ್ಟ.

ಇನ್ನು ಲಗತ್ತುಗಳು. ಕ್ಲೇಮ್ ಫಾರಂ, ಆರ್‌ಸಿ, ಪಾಲಿಸಿ, ಓಡಿಸಿದವನ ಲೈಸೆನ್ಸ್, ಎಸ್ಟಿಮೇಟ್, ಕೊನೆಯ ಬಿಲ್, ಹಣ ಕಟ್ಟಿದ ರಸೀದಿ, ಟೋಯಿಂಗ್ ರಸೀದಿ, ಫೋಟೋಗಳು, ರದ್ದು ಮಾಡಿದ ಚೆಕ್. ಇವನ್ನು ಎಲ್ಲರೂ ಕೊಡುತ್ತಾರೆ. ಪತ್ರದಲ್ಲಿ ಬರೀ ಹೆಸರು ಬರೆಯದೆ ಪ್ರತಿಯೊಂದರ ಸಂಖ್ಯೆ ಮತ್ತು ದಿನಾಂಕ ಬರೆಯಬೇಕು ಎಂಬುದು ನನ್ನ ಹಟ. ಹಾಗೆ ಬರೆಯುವಾಗಲೇ ನಮ್ಮ ಕಣ್ಣಿಗೆ ತಪ್ಪು ಬೀಳುತ್ತದೆ. ಇವನ ಟೋಯಿಂಗ್ ರಸೀದಿಯಲ್ಲಿ ದಿನಾಂಕ 17 ಎಂದಿತ್ತು, ಅಂದರೆ ಅಪಘಾತಕ್ಕಿಂತ ಒಂದು ದಿನ ಮೊದಲು! ಬರೆದವರ ಕೈತಪ್ಪು ಅಷ್ಟೇ. ಅವರಿಂದಲೇ ತಿದ್ದಿಸಿ ಸಹಿ ಹಾಕಿಸಿ ತಂದೆವು. ಕಚೇರಿಯಲ್ಲಿ ಸಿಕ್ಕಿಬಿದ್ದಿದ್ದರೆ ಅದೊಂದು ಅಂಕಿಗಾಗಿ ಪತ್ರವ್ಯವಹಾರ ಶುರುವಾಗುತ್ತಿತ್ತು.

ಎಫ್‌ಐಆರ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಸಾವು, ಗಾಯ, ಕಳವು ಇದ್ದರೆ ಬೇಕೇ ಬೇಕು. ಯಾರಿಗೂ ಪೆಟ್ಟಾಗದೆ ಸ್ವಂತ ಗಾಡಿ ಮಾತ್ರ ಜಖಂ ಆದಾಗ ಸಾಮಾನ್ಯವಾಗಿ ಅದಿಲ್ಲದೆಯೂ ಕ್ಲೇಮ್ ನಡೆಯುತ್ತದೆ. ಆದರೂ ಬೇರೆ ವಾಹನ ಸೇರಿಕೊಂಡಿದ್ದರಿಂದ ಹತ್ತಿರದ ಠಾಣೆಗೆ ಮಾಹಿತಿ ಕೊಟ್ಟು ಹಿಂಬರಹ ಪಡೆಯುವಂತೆ ಹೇಳಿದೆ. ಅದರಲ್ಲಿ ಬರೆದ ಸಮಯವೂ ಎಂಟೂವರೆಯೇ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ಕಂಪನಿ ಕ್ಲೇಮ್ ತಿರಸ್ಕರಿಸುವಂತಿಲ್ಲ, ಆ ಕ್ಲೇಮಿಗೆ ಸಂಬಂಧಪಟ್ಟ ಕಾಗದಗಳನ್ನು ಮಾತ್ರ ಕೇಳಬೇಕು. ನಾನು ನೌಕರಿಯಲ್ಲಿದ್ದಾಗ ಈ ಮಾತು ಇಷ್ಟು ಸ್ಪಷ್ಟವಾಗಿ ಇದ್ದಿದ್ದರೆ ಎಷ್ಟೋ ಜನರ ಅಲೆದಾಟ ತಪ್ಪುತ್ತಿತ್ತು.

ಈಗ ಮೊತ್ತ. ಬಿಲ್ಲಿನಲ್ಲಿ ಇರುವಷ್ಟನ್ನೂ ಕೇಳಿ, ಕಡಿಮೆ ಬಂದಾಗ ಮೋಸವಾಯಿತು ಎಂದುಕೊಳ್ಳುವವರೇ ಹೆಚ್ಚು. ಗಾಡಿಯ ಭಾಗಗಳು ಹಳೆಯದಾದಂತೆ ಅವುಗಳ ಬೆಲೆಯಲ್ಲಿ ಕಳೆಯುವ ಸವಕಳಿಯ ಲೆಕ್ಕ ಪಾಲಿಸಿಯಲ್ಲೇ ಅಚ್ಚಾಗಿರುತ್ತದೆ, ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿಗೆ ಅರ್ಧ ಕಡಿತ. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಪ್ರಕಾರ: ಎರಡು ವರ್ಷ ದಾಟಿ ಮೂರು ತುಂಬದಿದ್ದರೆ ಶೇ. 15, ಮೂರು ದಾಟಿದರೆ ಶೇ. 25. ಇವನ ಕಾರು ನೋಂದಣಿಯಾದದ್ದು 2022ರ ಫೆಬ್ರುವರಿಯಲ್ಲಿ. ಅಪಘಾತದ ದಿನಕ್ಕೆ ಮೂರು ತುಂಬಲು ಕೆಲವು ವಾರ ಬಾಕಿ ಇತ್ತು, ಹೀಗಾಗಿ ಶೇ. 15.

ತೆರಿಗೆ ಸೇರಿ ಒಟ್ಟು ಬಿಲ್ 82,700. ಅದರಲ್ಲಿ ಬಾನೆಟ್, ಎಡಗಡೆಯ ಫೆಂಡರ್, ರೇಡಿಯೇಟರ್, ಕಂಡೆನ್ಸರ್ ಮುಂತಾದ ಲೋಹದ ಭಾಗಗಳು 38,000. ಶೇ. 15, ಅಂದರೆ 5,700 ಕಳೆದರೆ 32,300. ಬಂಪರ್, ಗ್ರಿಲ್, ಹೆಡ್‌ಲೈಟ್ ಸೇರಿ 16,400, ಅರ್ಧ ಹೋಗಿ 8,200. ಇಲ್ಲಿ ಅವನು ತಕರಾರು ತೆಗೆದ: “ಹೆಡ್‌ಲೈಟ್ ಗಾಜಲ್ಲವೇ ಕಾಕಾ?” ಈಗಿನ ಹೆಡ್‌ಲೈಟುಗಳ ಮುಂಭಾಗವೂ ಪ್ಲಾಸ್ಟಿಕ್ಕೇ. ಉಗುರಿನಿಂದ ತಟ್ಟಿ ನೋಡು ಎಂದೆ. ಮುಂದಿನ ಗಾಜು 6,800, ಪೂರ್ತಿ. ಬಣ್ಣಕ್ಕೆ ಒಟ್ಟಾರೆ 12,000 ಎಂದು ಬಿಲ್ ಮಾಡಿದ್ದರು. ಅಂಥ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು, ಅದರ ಅರ್ಧ ಕಳೆಯುತ್ತಾರೆ. 3,000ದ ಅರ್ಧ 1,500 ಹೋಗಿ 10,500. ಕೂಲಿ 9,500, ಅದಕ್ಕೆ ಸವಕಳಿ ಇಲ್ಲ. ಇವೆಲ್ಲ ಕೂಡಿದರೆ 67,300.

ಇದರಿಂದ ಕಡ್ಡಾಯ ಕಡಿತ ಎಂಬ 1,000 ರೂಪಾಯಿ ಹೋಗುತ್ತದೆ. 1500 ಸಿಸಿವರೆಗಿನ ಕಾರುಗಳಿಗೆ ಅಷ್ಟು, ಅದಕ್ಕಿಂತ ದೊಡ್ಡವಕ್ಕೆ 2,000. ಟೋಯಿಂಗಿಗೆ ಇವನು ಕೊಟ್ಟದ್ದು 2,200, ಪಾಲಿಸಿಯ ಮಿತಿ 1,500, ಆ ಮಿತಿಯಷ್ಟನ್ನೇ ಕೂಡಿಸಿದೆವು. ಎರಡನೆಯ ಪತ್ರದ ಕೊನೆಯ ಭಾಗದಲ್ಲಿ ಈ ಲೆಕ್ಕವನ್ನೆಲ್ಲ ಸಾಲಾಗಿ ಕೊಟ್ಟು, “ಬಿಲ್ಲಿನ ಒಟ್ಟು ಮೊತ್ತ ರೂ. 82,700, ಪಾಲಿಸಿಯ ಪ್ರಕಾರ ನನಗೆ ಸಲ್ಲಬೇಕಾದ ಮೊತ್ತ ರೂ. 67,800” ಎಂದು ಬರೆದೆವು. ಸವಕಳಿ ಇಲ್ಲದ ಹೆಚ್ಚುವರಿ ರಕ್ಷಣೆಯನ್ನು ಪ್ರೀಮಿಯಂ ಜೊತೆ ಕೊಂಡಿದ್ದರೆ ಆ 15,400 ರೂಪಾಯಿಯ ಸವಕಳಿ ಕಡಿತದ ಬಹುಪಾಲು ಉಳಿಯುತ್ತಿತ್ತು. ಇವನು ಕೊಂಡಿರಲಿಲ್ಲ.

ಹೀಗೆ ಲೆಕ್ಕ ಹಾಕಿ ಕೇಳುವುದರಿಂದ ಕಂಪನಿಗೆ ಅನುಕೂಲ ಮಾಡಿಕೊಟ್ಟಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದೂವರೆ ಲಕ್ಷ ಕೇಳಿದವನಿಗೆ 60,000 ಮಂಜೂರಾದರೆ, ಎಲ್ಲಿ ಏನು ಕಡಿಮೆಯಾಯಿತು ಎಂದು ಅವನಿಗೆ ತಿಳಿಯುವುದೇ ಇಲ್ಲ. ಬಾಬತ್ತು ಬಾಬತ್ತಾಗಿ ಲೆಕ್ಕ ಕೊಟ್ಟವನಿಗೆ ಕಂಪನಿಯೂ ಬಾಬತ್ತು ಬಾಬತ್ತಾಗಿಯೇ ಉತ್ತರಿಸಬೇಕಾಗುತ್ತದೆ. ಇವನಿಗೆ ಮಂಜೂರಾದದ್ದು 66,600. ಕಡಿಮೆಯಾದ 1,200 ಯಾವುದು ಎಂದು ಹುಡುಕುವ ಅಗತ್ಯವೇ ಬೀಳಲಿಲ್ಲ. ಹಳೆಯ ಬಾನೆಟ್ ಮತ್ತು ರೇಡಿಯೇಟರಿನ ಗುಜರಿ ಬೆಲೆ ಎಂದು ಸರ್ವೇಯರ್ ವರದಿಯಲ್ಲಿತ್ತು. ಆ ಭಾಗಗಳು ಗ್ಯಾರೇಜಿನಲ್ಲೇ ಇದ್ದವು, ಮಾರಿಕೊಳ್ಳುವಂತೆ ಹೇಳಿದೆ.

ಕ್ಲೇಮ್ ದಾಖಲಾದ 24 ಗಂಟೆಯೊಳಗೆ ಸರ್ವೇಯರ್ ನೇಮಕ, ನೇಮಕವಾದ 15 ದಿನದೊಳಗೆ ವರದಿ, ವರದಿ ಬಂದ 7 ದಿನದೊಳಗೆ ಕಂಪನಿಯ ತೀರ್ಮಾನ ಎಂಬುದು ಈಗಿನ ನಿಯಮ. ಕಡಿತಕ್ಕೆ ಕಾರಣ ಹೇಳದಿದ್ದರೆ, ಹೇಳಿದ ಕಾರಣ ಒಪ್ಪಿಗೆಯಾಗದಿದ್ದರೆ, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸರಿಕಾಣದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಕಂಪನಿಗೆ ಕೊಟ್ಟ ಪತ್ರದ ಪ್ರತಿಯನ್ನು, ಅದರ ಮೇಲಿನ ಸ್ವೀಕೃತಿ ಮುದ್ರೆಯನ್ನು. ಇಮೇಲಿನಲ್ಲಿ ಕಳಿಸಿದರೆ ಆ ಇಮೇಲನ್ನು ಅಳಿಸದೆ ಇಟ್ಟುಕೊಳ್ಳಬೇಕು.

ಹಣ ಬಂದ ಮೇಲೂ ಒಂದು ಕೆಲಸ ಉಳಿದಿತ್ತು. ಅಪಘಾತದ ರಾತ್ರಿ ಟ್ರ್ಯಾಕ್ಟರಿನವರು ಟ್ರೇಲರಿನ ಹಿಂಬದಿಯ ಹಲಗೆ ಮುರಿದಿದೆ ಎಂದು 5,000 ರೂಪಾಯಿ ಕೇಳಿದ್ದರು. ಇವನು ಕೊಟ್ಟಿರಲಿಲ್ಲ, ಕೊಡುತ್ತೇನೆ ಎಂದು ಒಪ್ಪಿಕೊಂಡಿರಲೂ ಇಲ್ಲ. ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳುವುದು, ಹಣದ ಭರವಸೆ ಕೊಡುವುದು ಪಾಲಿಸಿಯ ಷರತ್ತಿಗೆ ವಿರುದ್ಧ. ಮಾರ್ಚಿನಲ್ಲಿ ಅದೇ ವಿಷಯವಾಗಿ ವಕೀಲರ ನೋಟಿಸ್ ಬಂತು. ತಾನೇ ಉತ್ತರ ಬರೆಯುತ್ತೇನೆ ಎಂದು ಹೊರಟಿದ್ದವನನ್ನು ತಡೆದೆ. ಅದು ಥರ್ಡ್ ಪಾರ್ಟಿ ಭಾಗಕ್ಕೆ ಸೇರಿದ ವಿಷಯ, ಉತ್ತರಿಸುವ ಹೊಣೆ ಕಂಪನಿಯದು. ಲಕೋಟೆ ಸಮೇತ ಆ ನೋಟಿಸನ್ನು, ಅದೇ ಕ್ಲೇಮ್ ಸಂಖ್ಯೆ ನಮೂದಿಸಿ, ನಾಲ್ಕು ಸಾಲಿನ ಪತ್ರದೊಂದಿಗೆ ಶಾಖೆಗೆ ಮುಟ್ಟಿಸಿ ಮುದ್ರೆ ಹಾಕಿಸಿಕೊಂಡು ಬಂದ.